ಹೊರದೇಶದ ಕನ್ನಡಿಗರೂ ನೋಡುವ ಚಾನೆಲ್‌ಗೆ ಅಪ್‌ಲೋಡ್ ಸಮಯ ಗೊತ್ತುಮಾಡುವುದು ಹೇಗೆ

ನನ್ನ ಚಿಕ್ಕಮ್ಮ ತೀರ್ಥಹಳ್ಳಿಯಲ್ಲಿ ಕೂತು ಮಲೆನಾಡಿನ ಅಡುಗೆ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಅಡುಗೆ ಅವರದ್ದು, ಎಡಿಟಿಂಗು, ಅಪ್‌ಲೋಡು ನನ್ನದು. ಶುರುವಿನಲ್ಲಿ ವಿಡಿಯೋ ಯಾವಾಗ ರೆಡಿಯಾಯಿತೋ ಆಗಲೇ ಹಾಕಿಬಿಡುತ್ತಿದ್ದೆ. ಆಮೇಲೆ ಕಾಮೆಂಟು ನೋಡುತ್ತಾ ಹೋದಾಗ ಗೊತ್ತಾಯಿತು, ಪತ್ರೊಡೆ ವಿಡಿಯೋ ನೋಡುವವರಲ್ಲಿ ಶಿವಮೊಗ್ಗದವರು ಎಷ್ಟೋ, ದುಬೈ, ನ್ಯೂಜೆರ್ಸಿ, ಸಿಡ್ನಿಯವರೂ ಅಷ್ಟೇ ಮಾತಾಡುತ್ತಾರೆ. ನಮಗೆ ರಾತ್ರಿ ಊಟದ ಹೊತ್ತು, ನ್ಯೂಜೆರ್ಸಿಯವರಿಗೆ ಬೆಳಗಿನ ಕಾಫಿ ಹೊತ್ತು, ಸಿಡ್ನಿಯಲ್ಲಿ ನಡುರಾತ್ರಿ. ಹಾಗಾದರೆ ಯಾರ ಗಡಿಯಾರ ನೋಡಿ ಹಾಕಬೇಕು?

ಇದಕ್ಕೆ ನಾವು ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಅಡುಗೆ ಚಾನೆಲ್‌ದು. ನಿಮ್ಮದು ಕೃಷಿಯೋ ಹರಟೆಯೋ ಆಗಿದ್ದರೆ ಗಂಟೆಗಳು ಬದಲಾಗಬಹುದು, ಲೆಕ್ಕ ಹಾಕುವ ರೀತಿ ಅದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಬ್ಲಿಶ್ ಮಾಡುವ ಸಮಯದಿಂದ ವಿಡಿಯೋದ ದೀರ್ಘಕಾಲದ ಓಟಕ್ಕೆ ನೇರವಾಗಿ ಏನೂ ಆಗುವುದು ಕಂಡುಬಂದಿಲ್ಲ ಅಂತ ಯೂಟ್ಯೂಬೇ ತನ್ನ ಸಹಾಯ ಪುಟದಲ್ಲಿ ಹೇಳಿದೆ. ಅದು ನಿಜ ಅಂತ ನನಗೂ ಅನಿಸುತ್ತದೆ. ಎರಡು ವರ್ಷದ ಹಿಂದೆ ಹಾಕಿದ ಮಿಡಿ ಉಪ್ಪಿನಕಾಯಿ ವಿಡಿಯೋವನ್ನು ಇವತ್ತು ಹುಡುಕಿಕೊಂಡು ಬರುವವರಿಗೆ ಅದು ಎಷ್ಟು ಗಂಟೆಗೆ ಬಂತು ಅಂತ ಏನು ಗೊತ್ತು? ಸಮಯ ನಿಜವಾಗಿ ಕೆಲಸಕ್ಕೆ ಬರುವುದು ಮೂರು ಕಡೆ. ಒಂದು, ಲೈವ್ ಮತ್ತು ಪ್ರೀಮಿಯರ್. ಎರಡು, ಹಬ್ಬದಂಥ ದಿನಾಂಕ ಇರುವ ವಿಷಯ. ಮೂರು, ಬೆಲ್ ಒತ್ತಿ ಕಾಯುವ ಹಳೆಯ ನೋಡುಗರು, ಅಂದರೆ ಮೊದಲ ದಿನವೇ ಬಂದು ಕಾಮೆಂಟು ಹಾಕುವವರು. ಇವರಿಗಾಗಿ ಮಾತ್ರ ತಲೆ ಕೆಡಿಸಿಕೊಳ್ಳಿ.

ಯಾರು ಎಲ್ಲಿದ್ದಾರೆ ಅಂತ ಸರಿಯಾಗಿ ಎಣಿಸಿ

ಯೂಟ್ಯೂಬ್ ಸ್ಟುಡಿಯೋದಲ್ಲಿ Analytics ತೆರೆದು Advanced mode ಒತ್ತಿ, Geography ಆಯ್ಕೆ ಮಾಡಿ. ಅವಧಿ 90 ದಿನ ಇಡಿ, 28 ದಿನ ಇಟ್ಟರೆ ಒಂದೇ ಒಂದು ವಿಡಿಯೋ ಓಡಿದ್ದರೂ ಲೆಕ್ಕ ಸೊಟ್ಟಗಾಗುತ್ತದೆ. ಇಲ್ಲಿ ಜನ ಮಾಡುವ ತಪ್ಪು ವ್ಯೂಸ್ ನೋಡುವುದು. ವಾಚ್ ಟೈಮ್ ನೋಡಿ. ತಪ್ಪಿ ಬಂದು ಸ್ವಲ್ಪವೇ ನೋಡಿ ಹೋದವರೂ ವ್ಯೂಸ್‌ನಲ್ಲಿ ಸೇರಿಕೊಳ್ಳುವುದರಿಂದ ಅದು ದೇಶಗಳ ನಿಜವಾದ ತೂಕ ಹೇಳುವುದಿಲ್ಲ.

ಚಿಕ್ಕಮ್ಮನ ಚಾನೆಲ್‌ನಲ್ಲಿ ವಾಚ್ ಟೈಮ್ ಹೀಗಿತ್ತು, ದುಂಡಗೆ ಮಾಡಿ ಹೇಳುತ್ತೇನೆ: ಭಾರತ ನೂರಕ್ಕೆ 68, ಅಮೆರಿಕ 12, ಗಲ್ಫ್ ದೇಶಗಳೆಲ್ಲ ಸೇರಿ 11, ಬ್ರಿಟನ್ ಮತ್ತು ಯುರೋಪ್ 4, ಆಸ್ಟ್ರೇಲಿಯಾ ಸಿಂಗಾಪುರ ಕಡೆ 4, ಉಳಿದದ್ದು ಚಿಲ್ಲರೆ. ಇಷ್ಟೇ ನೋಡಿದ್ದರೆ ಭಾರತದ ರಾತ್ರಿ 8ಕ್ಕೆ ಹಾಕಿ ಸುಮ್ನೆ ಆಗಿಬಿಡುತ್ತಿದ್ದೆ. ಆದರೆ ಅದೇ ಪುಟದಲ್ಲಿ ಫಿಲ್ಟರ್ ಹಾಕಿ, Subscription status ಅನ್ನುವಲ್ಲಿ ಸಬ್‌ಸ್ಕ್ರೈಬ್ ಮಾಡಿದವರನ್ನು ಮಾತ್ರ ತೆಗೆದುಕೊಂಡರೆ ಚಿತ್ರವೇ ಬೇರೆ. ಅಮೆರಿಕದ ಪಾಲು 12ರಿಂದ 20ಕ್ಕೆ ಹೋಯಿತು, ಭಾರತದ್ದು 55ಕ್ಕೆ ಇಳಿಯಿತು. ಕಾರಣ ಸುಲಭ. ಭಾರತದಲ್ಲಿ ನೋಡುವವರಲ್ಲಿ ಜಾಸ್ತಿ ಜನ ಹುಡುಕಿಕೊಂಡೋ ಶಿಫಾರಸಿನಲ್ಲಿ ಕಂಡೋ ಬರುತ್ತಾರೆ, ಅವರಿಗೆ ಯಾವ ಗಂಟೆಯಾದರೂ ಒಂದೇ. ಹೊರಗಿರುವವರು ಚಾನೆಲ್ಲನ್ನೇ ಹಿಡಿದುಕೊಂಡಿರುತ್ತಾರೆ. ಅಪ್‌ಲೋಡ್ ಸಮಯದ ಲೆಕ್ಕ ಇವರಿಗೆ ಜಾಸ್ತಿ ತಟ್ಟುತ್ತದೆ, ಆದ್ದರಿಂದ ಈ ಎರಡನೇ ಪಟ್ಟಿಯನ್ನೇ ಇಟ್ಟುಕೊಳ್ಳಿ.

ಚಿಕ್ಕ ಚಾನೆಲ್ ಆಗಿದ್ದರೆ ನೋಡುಗರು ಕಡಿಮೆ ಇರುವ ದೇಶಗಳ ವಿವರವನ್ನು ಯೂಟ್ಯೂಬ್ ತೋರಿಸದೆಯೂ ಇರಬಹುದು. ಆಗ ಒಂದು ಪೋಸ್ಟ್ ಹಾಕಿ, ಎಲ್ಲಿಂದ ನೋಡುತ್ತಿದ್ದೀರಿ ಅಂತ ಕೇಳಿ, ಊರಿನ ಹೆಸರನ್ನೇ ಬರೆಯಲು ಹೇಳಿ. ಅಮೆರಿಕ ಅಂತ ಬರೆದರೆ ಪ್ರಯೋಜನವಿಲ್ಲ. ನ್ಯೂಜೆರ್ಸಿಗೂ ಸ್ಯಾನ್ ಹೋಸೆಗೂ ಮೂರು ಗಂಟೆ ವ್ಯತ್ಯಾಸ ಇದೆಯಲ್ಲ.

ನೇರಳೆ ಬಣ್ಣದ ಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

Audience ಪುಟದಲ್ಲಿ When your viewers are on YouTube ಅಂತ ಒಂದು ಚಾರ್ಟ್ ಇದೆ. ವಾರದ ಏಳು ದಿನ, ದಿನದ 24 ಗಂಟೆ, ಗಾಢ ನೇರಳೆ ಇದ್ದಲ್ಲಿ ಜನ ಜಾಸ್ತಿ. ಎಲ್ಲರೂ ಇದನ್ನು ನೋಡಿ, ಎಲ್ಲಿ ಗಾಢವಾಗಿದೆಯೋ ಅಲ್ಲೇ ಹಾಕುತ್ತಾರೆ. ಒಂದೇ ದೇಶದ ನೋಡುಗರಿದ್ದರೆ ಅದು ಸರಿ. ನಮ್ಮಂಥವರಿಗೆ ಇದು ಅರ್ಧ ಸತ್ಯ.

ಮೊದಲನೆಯದಾಗಿ, ಇದು ನಿಮ್ಮ ನೋಡುಗರು ಯೂಟ್ಯೂಬಿನಲ್ಲಿ ಎಲ್ಲೇ ಇದ್ದರೂ ಎಣಿಸುತ್ತದೆ, ನಿಮ್ಮ ವಿಡಿಯೋ ನೋಡುತ್ತಿರಬೇಕು ಅಂತಿಲ್ಲ. ಎರಡನೆಯದಾಗಿ, ಗಂಟೆಗಳೆಲ್ಲ ನಿಮ್ಮ ಸ್ಥಳೀಯ ಸಮಯದಲ್ಲಿ ಇರುತ್ತವೆ. ಮೂರನೆಯದು ಮುಖ್ಯ: ದೇಶವಾರು ಬಿಡಿಸಿ ತೋರಿಸುವುದಿಲ್ಲ. ಭಾರತದವರು ಜಾಸ್ತಿ ಇದ್ದರೆ ಭಾರತದ ಸಂಜೆ ಎಷ್ಟು ಗಾಢವಾಗುತ್ತದೆ ಅಂದರೆ, ಬೇರೆ ದೇಶದವರ ಸಂಜೆ ಅದರ ಮುಂದೆ ತಿಳಿ ಬಣ್ಣವಾಗಿ ಕಾಣದೇ ಹೋಗುತ್ತದೆ.

ಆದರೂ ಒಂದು ಉಪಾಯವಿದೆ. ನಮ್ಮ ಬೆಳಗಿನ ಜಾವ 2ರಿಂದ 5 ಗಂಟೆಯ ಸಾಲು ನೋಡಿ. ಆ ಹೊತ್ತಿಗೆ ಕರ್ನಾಟಕ ಮಲಗಿದೆ, ಗಲ್ಫ್ ಮಲಗಿದೆ, ಲಂಡನ್ನಿನಲ್ಲಿ ಇನ್ನೂ ರಾತ್ರಿಯ ಶುರು, ಆದರೆ ಅಲ್ಲಿನವರು ನಮ್ಮಲ್ಲಿ ಕಡಿಮೆ. ಅಲ್ಲಿ ಉಳಿದಿರುವ ಬಣ್ಣದಲ್ಲಿ ಹೆಚ್ಚಿನದು ಅಮೆರಿಕ, ಕೆನಡಾದವರ ಮಧ್ಯಾಹ್ನ ಮತ್ತು ಸಂಜೆ. ನಮ್ಮ ಚಾರ್ಟಿನಲ್ಲಿ ಶನಿವಾರದ ಆ ಸಾಲು ಬುಧವಾರದ್ದಕ್ಕಿಂತ ಸ್ವಲ್ಪ ಗಾಢವಾಗಿತ್ತು. ನಮ್ಮ ಶನಿವಾರದ ಬೆಳಗಿನ ಜಾವ ಅಂದರೆ ಅಲ್ಲಿ ಶುಕ್ರವಾರದ ಮಧ್ಯಾಹ್ನ, ಸಂಜೆ ಅಲ್ವಾ, ವಾರದ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಇಷ್ಟು ಸುಳಿವು ಸಾಕು.

ಎರಡೇ ಎರಡು ಸಮಯ ಆರಿಸಿಕೊಳ್ಳಿ

ಎಲ್ಲ ದೇಶಕ್ಕೂ ಸಂಜೆಯಾಗುವ ಒಂದು ಗಂಟೆ ಭೂಮಿಯ ಮೇಲೆ ಇಲ್ಲ, ಅದನ್ನು ಹುಡುಕಲು ಹೋಗಬೇಡಿ. ಎರಡು ಸಮಯ ಇಟ್ಟುಕೊಂಡು ಪ್ರತಿಯೊಂದರಲ್ಲೂ ಯಾರು ಎದ್ದಿದ್ದಾರೆ, ಯಾರು ಏನು ಮಾಡುತ್ತಿದ್ದಾರೆ ಅಂತ ಕಾಗದದ ಮೇಲೆ ಬರೆಯಿರಿ.

ನಮ್ಮ ಮೊದಲ ಆಯ್ಕೆ ಶನಿವಾರ ರಾತ್ರಿ 8. ಅದೇ ಹೊತ್ತಿಗೆ ದುಬೈಯಲ್ಲಿ ಸಂಜೆ ಆರೂವರೆ, ರಿಯಾದ್ ಮತ್ತು ದೋಹಾದಲ್ಲಿ ಐದೂವರೆ. ಚಳಿಗಾಲದಲ್ಲಾದರೆ ಲಂಡನ್ನಿನಲ್ಲಿ ಮಧ್ಯಾಹ್ನ ಎರಡೂವರೆ, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಒಂಬತ್ತೂವರೆ, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಆರೂವರೆ. ಸಿಂಗಾಪುರದಲ್ಲಿ ರಾತ್ರಿ ಹತ್ತೂವರೆ. ಸಿಡ್ನಿಯಲ್ಲಿ ಭಾನುವಾರ ಬೆಳಗಿನ ಜಾವ ಒಂದೂವರೆ. ಸಿಡ್ನಿ ಬಿಟ್ಟರೆ ಎಲ್ಲರೂ ಎದ್ದಿದ್ದಾರೆ, ರಜೆಯಲ್ಲೂ ಇದ್ದಾರೆ. ಕಾಗದದ ಮೇಲೆ ಇದೇ ಗೆಲ್ಲಬೇಕು.

ಎರಡನೆಯದು ಶನಿವಾರ ಬೆಳಿಗ್ಗೆ ಆರೂವರೆ. ಇದನ್ನು ಚಿಕ್ಕಮ್ಮನ ಮಗಳು ಹೇಳಿಕೊಟ್ಟಿದ್ದು, ಅವಳು ಇರುವುದು ನ್ಯೂಜೆರ್ಸಿಯಲ್ಲಿ. "ಅಮ್ಮಾ, ನೀನು ಶನಿವಾರ ರಾತ್ರಿ ಹಾಕಿದರೆ ನಾನು ನೋಡುವಷ್ಟರಲ್ಲಿ ಇಂಡಿಯನ್ ಸ್ಟೋರಿಗೆ ಹೋಗಿ ಬಂದಾಗಿರುತ್ತದೆ. ಕೆಸುವಿನ ಎಲೆಗೆ ಮತ್ತೆ ಯಾರು ಹೋಗ್ತಾರೆ?" ಅಂದಳು. ನಾವು ಜನ ಯಾವಾಗ ನೋಡುತ್ತಾರೆ ಅಂತಷ್ಟೇ ಯೋಚಿಸಿದ್ದೆವು, ನೋಡಿದ ಮೇಲೆ ಏನು ಮಾಡುತ್ತಾರೆ ಅಂತ ಯೋಚಿಸಿರಲಿಲ್ಲ. ಅಡುಗೆ ವಿಡಿಯೋ ಸಾಮಾನು ತರುವುದಕ್ಕಿಂತ ಮುಂಚೆ ಕೈಗೆ ಸಿಗಬೇಕು.

ನಮ್ಮ ಶನಿವಾರ ಬೆಳಿಗ್ಗೆ ಆರೂವರೆ ಅಂದರೆ ಚಳಿಗಾಲದಲ್ಲಿ ನ್ಯೂಜೆರ್ಸಿಯ ಶುಕ್ರವಾರ ರಾತ್ರಿ 8, ಡಲ್ಲಾಸಿನ 7, ಕ್ಯಾಲಿಫೋರ್ನಿಯಾದ ಸಂಜೆ 5. ಬೇಸಿಗೆಯಲ್ಲಿ ಒಂದೊಂದು ಗಂಟೆ ಮುಂದೆ. ಎರಡೂ ಒಳ್ಳೆಯ ಹೊತ್ತೇ. ಸಿಂಗಾಪುರದಲ್ಲಿ ಶನಿವಾರ ಬೆಳಿಗ್ಗೆ 9. ಸಿಡ್ನಿ, ಮೆಲ್ಬರ್ನ್‌ನಲ್ಲಿ ಅದೇ ದಿನ 11 ಅಥವಾ 12 ಗಂಟೆ. ದುಬೈಯಲ್ಲಿ ಬೆಳಗಿನ ಜಾವ 5, ಲಂಡನ್ನಿನಲ್ಲಿ ರಾತ್ರಿ 1 ಅಥವಾ 2. ಈ ಎರಡು ಕಡೆಯವರು ಮಲಗಿದ್ದಾರೆ, ಆದರೆ ಎದ್ದಾಗ ವಿಡಿಯೋ ಅಲ್ಲೇ ಇರುತ್ತದೆ, ಮುಂದೆ ಇಡೀ ಶನಿವಾರ ಇದೆ. ಭಾರತದಲ್ಲಿ ನೋಡಿದವರು ಭಾನುವಾರದ ಅಡುಗೆಗೆ ಶನಿವಾರವೇ ಸಾಮಾನು ತರಬಹುದು.

ಗಲ್ಫ್ ವಿಷಯದಲ್ಲಿ ಒಂದು ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ, ಗುರುವಾರ ರಾತ್ರಿ ಹಾಕಿ, ಶುಕ್ರವಾರ ಅವರಿಗೆ ರಜೆ ಅಂತ. ಸೌದಿ, ಕುವೈತ್, ಕತಾರ್, ಒಮಾನ್‌ನಲ್ಲಿ ಇವತ್ತಿಗೂ ಶುಕ್ರವಾರ ಮತ್ತು ಶನಿವಾರ ರಜೆ. ಆದರೆ ದುಬೈ, ಅಬುಧಾಬಿ ಇರುವ ಯುಎಇ 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ ಭಾನುವಾರ ಪೂರ್ತಿ ರಜೆ, ಶುಕ್ರವಾರ ಅರ್ಧ ದಿನ ಅಂತ ಬದಲಾಯಿಸಿತು. ಕರಾವಳಿಯ ನಮ್ಮ ಜನ ಎರಡೂ ಕಡೆ ಇದ್ದಾರೆ. ಇಬ್ಬರಿಗೂ ಸೇರುವ ರಜೆ ಶನಿವಾರ ಒಂದೇ. ನಾವು ಶನಿವಾರವನ್ನು ಹಿಡಿದುಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಶೆಡ್ಯೂಲ್ ಮಾಡುವಾಗ

ಆರೂವರೆಗೆ ಎದ್ದು ಅಪ್‌ಲೋಡ್ ಮಾಡುವುದಲ್ಲ. ಗುರುವಾರವೇ ವಿಡಿಯೋ ಏರಿಸಿ, Visibility ಪುಟದಲ್ಲಿ Schedule ಆಯ್ಕೆ ಮಾಡಿ ದಿನಾಂಕ, ಗಂಟೆ ಹಾಕಿ. ಅಲ್ಲಿಯವರೆಗೆ ಅದು ಪ್ರೈವೇಟ್ ಆಗಿ ಕೂತಿರುತ್ತದೆ. ಹೀಗೆ ಯಾಕೆ ಅಂದರೆ, ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ ಪ್ರತಿಯನ್ನು ತಯಾರಿಸುತ್ತದೆ, ಎಚ್‌ಡಿ ಮತ್ತು 4ಕೆ ಆಮೇಲೆ ಬರುತ್ತವೆ, 4ಕೆ ಆದರೆ ಗಂಟೆಗಟ್ಟಲೆ ಹಿಡಿಯಬಹುದು. ಅವಸರದಲ್ಲಿ ಬಿಟ್ಟರೆ ಮೊದಲು ಓಡಿ ಬಂದವರಿಗೇ ಮಸುಕು ವಿಡಿಯೋ. ಅಮೆರಿಕದಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ದೊಡ್ಡ ಟಿವಿಯಲ್ಲಿ ಹಾಕಿಕೊಂಡು ನೋಡುತ್ತಾರೆ, ಅಲ್ಲಿ ಮಸುಕು ಎದ್ದು ಕಾಣುತ್ತದೆ. ಹಿನ್ನೆಲೆ ಸಂಗೀತಕ್ಕೆ ಕಾಪಿರೈಟ್ ತಕರಾರು ಬಂದರೂ ಗುರುವಾರವೇ ಗೊತ್ತಾಗುತ್ತದೆ, ಸರಿಮಾಡಲು ಒಂದು ದಿನ ಇರುತ್ತದೆ.

ಶೆಡ್ಯೂಲ್ ಪುಟದಲ್ಲಿ ಯಾವ ದೇಶದ ಸಮಯ ತೋರಿಸುತ್ತಿದೆ ಅಂತ ಓದಿಯೇ ಒತ್ತಿ. ನ್ಯೂಜೆರ್ಸಿಯಲ್ಲಿರುವ ತಂಗಿ ತನ್ನ ಕಂಪ್ಯೂಟರಿನಿಂದ ನಮಗೋಸ್ಕರ ಒಮ್ಮೆ ಶೆಡ್ಯೂಲ್ ಮಾಡಿದಳು, ಶನಿವಾರ ಬೆಳಿಗ್ಗೆ ಆರೂವರೆ ಅಂತ ನಾನು ಹೇಳಿದ್ದನ್ನು ಹಾಗೇ ಹಾಕಿದಳು, ಅದು ಅವಳ ಆರೂವರೆ ಆಯಿತು. ನಮಗೆ ವಿಡಿಯೋ ಬಂದಿದ್ದು ಸಂಜೆ. ಇನ್ನೊಂದು, ರಾತ್ರಿ ಸರಿಯಾಗಿ 12 ಗಂಟೆಗೆ ಯಾವತ್ತೂ ಇಡಬೇಡಿ. ಶುಕ್ರವಾರ ರಾತ್ರಿ 12 ಅಂತ ನಾವು ಬಾಯಲ್ಲಿ ಹೇಳುವುದು ಕಂಪ್ಯೂಟರಿಗೆ ಶನಿವಾರದ ಶುರು. ಒಂದು ದಿನ ಮೊದಲೇ ಹೊರಗೆ ಬಂದುಬಿಡುವುದು ಇಲ್ಲೇ.

ಹೊರದೇಶದವರಿಗೆ ಬೇರೆ ಸಮಯದಲ್ಲಿ ಇನ್ನೊಮ್ಮೆ ತಲುಪಲಿ ಅಂತ ಅದೇ ವಿಡಿಯೋವನ್ನು ಎರಡು ಸಲ ಹಾಕುವವರಿದ್ದಾರೆ. ಬೇಡ. ವ್ಯೂಸು, ಕಾಮೆಂಟು ಎರಡು ಪಾಲಾಗುತ್ತವೆ. ಮೇಲಾಗಿ ಒಂದು ಚಾನೆಲ್‌ನಿಂದ ಒಬ್ಬ ಸಬ್‌ಸ್ಕ್ರೈಬರಿಗೆ 24 ಗಂಟೆಯಲ್ಲಿ ಹೆಚ್ಚೆಂದರೆ ಮೂರು ನೋಟಿಫಿಕೇಶನ್ ಅಂತ ಮಿತಿ ಇದೆ. ಮಲಗಿದ್ದವರನ್ನು ಮುಟ್ಟಬೇಕು ಅಂದರೆ ಹನ್ನೆರಡು ಗಂಟೆ ಬಿಟ್ಟು ಒಂದು ಪೋಸ್ಟ್ ಹಾಕಿ, ಅದರಲ್ಲಿ ತಯಾರಾದ ಅಡುಗೆಯ ಒಂದು ಚಿತ್ರ ಮತ್ತು ವಿಡಿಯೋದ ಲಿಂಕ್ ಇರಲಿ. ಆರೂವರೆಗೆ ವಿಡಿಯೋ, ಸಂಜೆ ಆರೂವರೆಗೆ ಪೋಸ್ಟ್ ಅಂದರೆ ದುಬೈಗೆ ಸಂಜೆ 5, ಲಂಡನ್ನಿಗೆ ಮಧ್ಯಾಹ್ನ.

ಅವರ ಗಡಿಯಾರ ಬದಲಾಗುವ ವಾರಗಳು

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಗಲ್ಫ್ ಮತ್ತು ಸಿಂಗಾಪುರದ್ದೂ ಅಷ್ಟೇ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಮುಂದೆ, ಹಿಂದೆ ಮಾಡುತ್ತಾರೆ. ತೊಂದರೆ ಏನೆಂದರೆ ಮೂವರೂ ಒಂದೇ ದಿನ ಮಾಡುವುದಿಲ್ಲ. ಆಸ್ಟ್ರೇಲಿಯಾದ್ದಂತೂ ಉಲ್ಟಾ, ಅಲ್ಲಿ ಬೇಸಿಗೆ ಇರುವುದು ನಮ್ಮ ಚಳಿಗಾಲದಲ್ಲಿ.

ನಾವು ಇದನ್ನು ಕಲಿತದ್ದು ಮುಖ ಕೆಡಿಸಿಕೊಂಡು. 2025ರ ಯುಗಾದಿ ಮಾರ್ಚ್ 30ಕ್ಕಿತ್ತು. ಅದಕ್ಕೆ ಒಂದು ವಾರ ಮುಂಚೆ, ಮಾರ್ಚ್ 23ರ ಭಾನುವಾರ ರಾತ್ರಿ 9ಕ್ಕೆ ಹೋಳಿಗೆ ಲೈವ್ ಇಟ್ಟೆವು. ಚಳಿಗಾಲದಲ್ಲಿ ಬರೆದಿಟ್ಟುಕೊಂಡಿದ್ದ ಪಟ್ಟಿ ನೋಡಿ, ನ್ಯೂಜೆರ್ಸಿ ಬೆಳಿಗ್ಗೆ ಹತ್ತೂವರೆ, ಲಂಡನ್ ಮಧ್ಯಾಹ್ನ ಮೂರೂವರೆ ಅಂತ ನಾನೇ ಪೋಸ್ಟರ್ ಮಾಡಿದೆ. ಆದರೆ ಅಮೆರಿಕದಲ್ಲಿ ಮಾರ್ಚ್ 9ಕ್ಕೇ ಗಡಿಯಾರ ಮುಂದೆ ಹೋಗಿತ್ತು. ಅವರಿಗೆ ಲೈವ್ ಶುರುವಾಗಿದ್ದು ಹನ್ನೊಂದೂವರೆಗೆ. ಹತ್ತೂವರೆಗೆ ಬಂದವರು ಖಾಲಿ ಪರದೆ ನೋಡಿಕೊಂಡು ಒಂದಷ್ಟು ಹೊತ್ತು ಕೂತು ಎದ್ದು ಹೋದರು. ಲಂಡನ್ನಿನವರಿಗೆ ಮಾತ್ರ ಸಮಯ ಸರಿ ಇತ್ತು, ಯಾಕೆಂದರೆ ಅವರ ಗಡಿಯಾರ ಬದಲಾಗಿದ್ದು ಯುಗಾದಿಯ ದಿನವೇ, ಮಾರ್ಚ್ 30ಕ್ಕೆ. "ಏನೋ ಇದು, ಯಾರೂ ಇಲ್ಲ, ಯಾರಿಗೆ ಹೋಳಿಗೆ ಲಟ್ಟಿಸ್ಲಿ?" ಅಂತ ಚಿಕ್ಕಮ್ಮ ಲೈವ್‌ನಲ್ಲೇ ಕೇಳಿದ್ದು ಇವತ್ತಿಗೂ ಆ ವಿಡಿಯೋದಲ್ಲಿದೆ.

ನೆನಪಿಡಬೇಕಾದ ನಿಯಮ ಇಷ್ಟು. ಅಮೆರಿಕ, ಕೆನಡಾದ ಬಹುಪಾಲು ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಮುಂದೆ, ನವೆಂಬರಿನ ಮೊದಲ ಭಾನುವಾರ ಹಿಂದೆ. ಬ್ರಿಟನ್, ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಸಿಡ್ನಿ, ಮೆಲ್ಬರ್ನ್‌ನಲ್ಲಿ ಅಕ್ಟೋಬರಿನ ಮೊದಲ ಭಾನುವಾರ ಮುಂದೆ, ಏಪ್ರಿಲಿನ ಮೊದಲ ಭಾನುವಾರ ಹಿಂದೆ. ಬ್ರಿಸ್ಬೇನ್‌ನಲ್ಲಿ ಬದಲಾವಣೆಯೇ ಇಲ್ಲ, ಅರಿಜೋನಾದಲ್ಲೂ ಹೆಚ್ಚುಕಡಿಮೆ ಹಾಗೇ. 2026ಕ್ಕೆ ಲೆಕ್ಕ ಹಾಕಿದರೆ ಮಾರ್ಚ್ 8, ಮಾರ್ಚ್ 29, ಏಪ್ರಿಲ್ 5, ಅಕ್ಟೋಬರ್ 4, ಅಕ್ಟೋಬರ್ 25, ನವೆಂಬರ್ 1. ಇದರಲ್ಲಿ ತಮಾಷೆ ನೋಡಿ, ಈ ದಿನಗಳ ಆಸುಪಾಸಿನಲ್ಲೇ ನಮ್ಮ ಯುಗಾದಿ, ದಸರಾ, ದೀಪಾವಳಿ ಬರುತ್ತವೆ. ನಾವು ಜಾಸ್ತಿ ವಿಡಿಯೋ ಹಾಕುವ ಹೊತ್ತಿಗೇ ಪಟ್ಟಿ ಹಳೆಯದಾಗುತ್ತದೆ.

ಫೋನಿನ ವರ್ಲ್ಡ್ ಕ್ಲಾಕ್ ನಂಬಬೇಡಿ. ಅದು ಈ ಕ್ಷಣದ ವ್ಯತ್ಯಾಸ ತೋರಿಸುತ್ತದೆ. ಮಾರ್ಚ್ 5ಕ್ಕೆ ಕೂತು ಮಾರ್ಚ್ 15ರ ಲೈವ್‌ಗೆ ಲೆಕ್ಕ ಹಾಕಿದರೆ ತಪ್ಪುವುದು ಖಂಡಿತ. ಗೂಗಲ್ ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೇ ಒಂದು ಕಾರ್ಯಕ್ರಮ ಮಾಡಿ, ಅದರ ಟೈಮ್ ಝೋನ್ ಬದಲಾಯಿಸಿ ನೋಡಿದರೆ ಆ ದಿನದ ಸರಿಯಾದ ಗಂಟೆ ಸಿಗುತ್ತದೆ. ಪೋಸ್ಟರಿನಲ್ಲಿ ಊರಿನ ಹೆಸರು ಬರೆಯಿರಿ, ಇಎಸ್‌ಟಿ, ಪಿಎಸ್‌ಟಿ ಅಂತ ಮೂರಕ್ಷರ ಬೇಡ. ಬೇಸಿಗೆಯಲ್ಲಿ ಇಎಸ್‌ಟಿ ಅಂತ ಬರೆದರೆ ಅದೇ ಒಂದು ಗಂಟೆ ತಪ್ಪು, ನಾವು ಬರೆಯುವವರಿಗೂ ಗೊತ್ತಿರುವುದಿಲ್ಲ ಓದುವವರಿಗೂ ಗೊತ್ತಿರುವುದಿಲ್ಲ.

ಮಾಮೂಲಿ ಶನಿವಾರದ ವಿಡಿಯೋಗೆ ಇಷ್ಟು ಗಾಬರಿ ಬೇಡ. ಬೆಳಿಗ್ಗೆ ಆರೂವರೆಯ ಆಯ್ಕೆ ನನಗೆ ಇಷ್ಟವಾಗಿದ್ದು ಅದಕ್ಕೇ. ಗಡಿಯಾರ ಮುಂದೆ ಹೋದರೂ ಹಿಂದೆ ಬಂದರೂ ನ್ಯೂಜೆರ್ಸಿಗೆ 8 ಅಥವಾ 9, ಎರಡೂ ನಡೆಯುತ್ತದೆ.

ಲೈವ್‌ಗೆ ಬೇರೆ ಲೆಕ್ಕ

ಲೈವ್‌ನಲ್ಲಿ ಮಲಗಿದವರಿಗೆ ಆಮೇಲೆ ಸಿಗುತ್ತದೆ ಅನ್ನುವ ಸಮಾಧಾನ ಇಲ್ಲ, ಪ್ರಶ್ನೆ ಕೇಳುವ ಅವಕಾಶ ತಪ್ಪಿಹೋಗುತ್ತದೆ. ಪ್ರೀಮಿಯರ್ ಕೂಡ ಹೆಚ್ಚುಕಡಿಮೆ ಹೀಗೇ. ನಾವು ಎರಡು ಸಮಯವನ್ನು ತಿಂಗಳು ಬಿಟ್ಟು ತಿಂಗಳು ಅದಲುಬದಲು ಮಾಡುತ್ತೇವೆ. ಒಂದು ತಿಂಗಳು ಶನಿವಾರ ರಾತ್ರಿ 9, ಇದು ಭಾರತ, ಗಲ್ಫ್, ಯುರೋಪ್ ಮತ್ತು ಅಮೆರಿಕದ ಪೂರ್ವ ಭಾಗಕ್ಕೆ. ಮುಂದಿನ ತಿಂಗಳು ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಆಗ ಸಿಂಗಾಪುರದಲ್ಲಿ ಮಧ್ಯಾಹ್ನ 12, ಸಿಡ್ನಿಯಲ್ಲಿ 2 ಅಥವಾ 3, ದುಬೈಯಲ್ಲಿ ಬೆಳಿಗ್ಗೆ 8, ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ 8 ಅಥವಾ 9. ಲಂಡನ್ನಿನವರಿಗೆ ಆ ತಿಂಗಳು ಇಲ್ಲ. ಹಿಂದಿನ ತಿಂಗಳೇ ಅದನ್ನು ಅವರಿಗೆ ಹೇಳಿಬಿಡುತ್ತೇವೆ.

ಹಬ್ಬದ ವಿಡಿಯೋ: ಒಂದನ್ನು ಪೂರ್ತಿ ಲೆಕ್ಕ ಹಾಕೋಣ

2026ರ ಗಣೇಶ ಚೌತಿ ಸೆಪ್ಟೆಂಬರ್ 14, ಸೋಮವಾರ. ಕಾಯಿಕಡುಬಿನ ವಿಡಿಯೋ ಯಾವಾಗ ಹಾಕಬೇಕು?

ನಮ್ಮ ಮಾಮೂಲಿ ಪ್ರಕಾರ ಶನಿವಾರ, ಸೆಪ್ಟೆಂಬರ್ 12ರ ಬೆಳಿಗ್ಗೆ ಆರೂವರೆ. ಅಮೆರಿಕದವರಿಗೆ ಶುಕ್ರವಾರ ರಾತ್ರಿ ಸಿಗುತ್ತದೆ, ಶನಿವಾರ ಸಾಮಾನು ತರಬಹುದು. ಕೇಳುವುದಕ್ಕೆ ಸರಿಯಾಗಿದೆ. ಆದರೆ ಶುಕ್ರವಾರ ರಾತ್ರಿ ತಪ್ಪಿಸಿಕೊಂಡವರು ಶನಿವಾರ ಮಧ್ಯಾಹ್ನ ನೋಡಿದರೆ ತಡವಾಯಿತು. ಭಾರತದಲ್ಲೂ ಹಬ್ಬಕ್ಕೆ ಎರಡೇ ದಿನ ಉಳಿದಿರುತ್ತದೆ, ಮಾರ್ಕೆಟ್ಟಿಗೆ ಹೋಗುವ ಗಡಿಬಿಡಿಯಲ್ಲಿ ಯಾರು ವಿಡಿಯೋ ನೋಡುತ್ತಾರೆ?

ಹಾಗಾದರೆ ಒಂದು ವಾರ ಹಿಂದಕ್ಕೆ, ಸೆಪ್ಟೆಂಬರ್ 5ಕ್ಕೆ ಹಾಕೋಣ ಅಂದರೆ ಅಲ್ಲೊಂದು ಗುಂಡಿ ಇದೆ. ಅಮೆರಿಕದಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ, 2026ರಲ್ಲಿ ಅದು 7ನೇ ತಾರೀಕು. ಮೂರು ದಿನದ ರಜೆ, ಮಕ್ಕಳನ್ನು ಕರೆದುಕೊಂಡು ತುಂಬಾ ಜನ ಊರು ಬಿಡುತ್ತಾರೆ. ಕಡುಬಿನ ಯೋಚನೆ ಆಗ ಇರುವುದಿಲ್ಲ.

ಉಳಿಯುವುದು ನಡುವಾರ. ಗುರುವಾರ, ಸೆಪ್ಟೆಂಬರ್ 10ರ ಬೆಳಿಗ್ಗೆ ಆರೂವರೆ. ನ್ಯೂಜೆರ್ಸಿಯಲ್ಲಿ ಬುಧವಾರ ರಾತ್ರಿ 9, ಮಕ್ಕಳು ಮಲಗಿದ ಹೊತ್ತು. ವೀಕೆಂಡಿಗೆ ಇನ್ನೂ ಎರಡು ದಿನ ಇದೆ. ಭಾರತದವರಿಗೆ ಗುರುವಾರ, ಶುಕ್ರವಾರ ಎರಡು ಸಂಜೆ ಸಿಗುತ್ತದೆ. ಕುವೈತ್, ಸೌದಿಯವರಿಗೆ ಶುಕ್ರವಾರ, ಶನಿವಾರ ರಜೆ, ಅಷ್ಟರೊಳಗೆ ನೋಡಿರುತ್ತಾರೆ. ಶನಿವಾರ ಬೆಳಿಗ್ಗೆ ಸಾಮಾನಿನ ಪಟ್ಟಿ ಇರುವ ಒಂದು ಪೋಸ್ಟ್ ಹಾಕಿದರೆ ಅಂಗಡಿಯಲ್ಲಿ ನಿಂತೇ ತೆರೆದು ನೋಡಬಹುದು. ಇನ್ನೊಂದು ವಿಷಯ, ಹೊರದೇಶದ ಕನ್ನಡ ಸಂಘಗಳು ಹಬ್ಬವನ್ನು ಎಷ್ಟೋ ಸಲ ಮುಂದಿನ ವೀಕೆಂಡಿನಲ್ಲಿ ಆಚರಿಸುತ್ತವೆ. ಆ ಅಡುಗೆಗೆ, ಅಂದರೆ ಐವತ್ತು ಜನಕ್ಕೆ ಕಡುಬು ಮಾಡುವಂಥದಕ್ಕೆ, ಹಬ್ಬ ಮುಗಿದ ಮೇಲೂ ವಿಡಿಯೋ ಹಾಕಬಹುದು. ಅದು ತಡವಾದಂತಲ್ಲ.

ಪರೀಕ್ಷೆ ಮಾಡಿ, ಆದರೆ ಈ ಒಂದು ಬಲೆಗೆ ಬೀಳಬೇಡಿ

ಎರಡು ಸಮಯದಲ್ಲಿ ಯಾವುದು ನಿಜವಾಗಿ ಒಳ್ಳೆಯದು ಅಂತ ನೋಡಲು ಎಂಟು ವಾರ ಬೇಕು. ಒಂದು ಶನಿವಾರ ಬೆಳಿಗ್ಗೆ, ಮುಂದಿನ ಶನಿವಾರ ರಾತ್ರಿ, ಹೀಗೆ ಅದಲುಬದಲು. ಹಬ್ಬದ ವಾರ, ಗಡಿಯಾರ ಬದಲಾಗುವ ವಾರ ಬಿಟ್ಟುಬಿಡಿ. ಅಡುಗೆಯೂ ಒಂದೇ ತೂಕದ್ದಿರಲಿ, ಒಂದು ಕಡೆ ತಂಬುಳಿ ಇನ್ನೊಂದು ಕಡೆ ಕೋಳಿ ಕಡುಬು ಇಟ್ಟು ಸಮಯ ಗೆದ್ದಿತು ಅಂದರೆ ಆಗಲ್ಲ.

ಹೋಲಿಸುವಾಗ ಬಲೆ ಎಲ್ಲಿದೆ ಅಂದರೆ, ಅನಲಿಟಿಕ್ಸ್‌ನ ದಿನವಾರು ವರದಿಯಲ್ಲಿ ದಿನ ಅನ್ನುವುದು ಅಮೆರಿಕದ ಪಶ್ಚಿಮ ಕರಾವಳಿಯ ದಿನ. ಅಲ್ಲಿ ನಡುರಾತ್ರಿ ಆದಾಗ ಹೊಸ ದಿನ ಶುರು, ಅಂದರೆ ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ ಒಂದೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ನಾವು ಶನಿವಾರ ಬೆಳಿಗ್ಗೆ ಆರೂವರೆಗೆ ಹಾಕಿದ ವಿಡಿಯೋ ವರದಿಯಲ್ಲಿ ಶುಕ್ರವಾರದ ಲೆಕ್ಕಕ್ಕೆ ಹೋಗುತ್ತದೆ, ಆ ಮೊದಲ ದಿನದಲ್ಲಿ ಅದಕ್ಕೆ ಸಿಗುವುದು ಚಳಿಗಾಲದಲ್ಲಾದರೆ ಏಳೇ ಗಂಟೆ. ಅದೇ ಶನಿವಾರ ರಾತ್ರಿ 8ರ ವಿಡಿಯೋಗೆ ಮೊದಲ ದಿನದಲ್ಲಿ ಹದಿನೇಳೂವರೆ ಗಂಟೆ ಸಿಗುತ್ತದೆ. ಮೊದಲ ದಿನದ ವ್ಯೂಸ್ ಪಕ್ಕಪಕ್ಕ ಇಟ್ಟು ನೋಡಿದರೆ ರಾತ್ರಿಯದೇ ಪ್ರತಿ ಸಲ ಗೆದ್ದಂತೆ ಕಾಣುತ್ತದೆ. ನಾನು ಮೂರು ವಾರ ಹಾಗೇ ನಂಬಿಕೊಂಡಿದ್ದೆ.

ಅದಕ್ಕೆ ಒಂದು ದಿನದ್ದನ್ನು ನೋಡಲೇಬೇಡಿ, ಏಳು ದಿನದ್ದನ್ನು ನೋಡಿ. ದೇಶದ ಫಿಲ್ಟರ್ ಹಾಕಿ ಅಮೆರಿಕದ್ದು ಬೇರೆ, ಭಾರತದ್ದು ಬೇರೆ, ಗಲ್ಫ್‌ದು ಬೇರೆ ಬರೆದುಕೊಳ್ಳಿ. ನಾಲ್ಕು ವಿಡಿಯೋಗಳ ಸರಾಸರಿ ಬೇಡ, ಒಂದು ವಿಡಿಯೋ ಸುಮ್ನೆ ಓಡಿಬಿಟ್ಟರೆ ಸರಾಸರಿ ಹಾಳು. ನಾಲ್ಕನ್ನೂ ಸಾಲಾಗಿಟ್ಟು ನಡುವಿನ ಎರಡನ್ನು ನೋಡಿ.

ನಮ್ಮಲ್ಲಿ ಏನಾಯಿತು ಅಂದರೆ, ಭಾರತದ ಲೆಕ್ಕದಲ್ಲಿ ಎರಡು ಸಮಯಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಗಲ್ಫ್‌ನಲ್ಲೂ ಇಲ್ಲ. ಅಮೆರಿಕದ ವಾಚ್ ಟೈಮ್ ಬೆಳಗಿನ ನಾಲ್ಕು ವಿಡಿಯೋಗಳಲ್ಲಿ ಮೂರಕ್ಕೆ ಜಾಸ್ತಿ ಇತ್ತು. ನಾಲ್ಕರಲ್ಲಿ ಮೂರು ಅಂದರೆ ದೊಡ್ಡ ಸಾಕ್ಷಿಯೇನಲ್ಲ, ಗೊತ್ತು. ಆದರೆ ಆ ವಾರಗಳಲ್ಲಿ ಭಾನುವಾರ ರಾತ್ರಿ ಹೊತ್ತಿಗೆ "ಮಾಡಿದೆ ಆಂಟಿ, ಚೆನ್ನಾಗಿ ಬಂತು" ಅನ್ನುವ ಕಾಮೆಂಟುಗಳು ನ್ಯೂಜೆರ್ಸಿ, ಡಲ್ಲಾಸ್ ಕಡೆಯಿಂದ ಬರಲು ಶುರುವಾದವು. ರಾತ್ರಿ ಹಾಕಿದ ವಾರಗಳಲ್ಲಿ ಅದೇ ಕಾಮೆಂಟು ಬರುತ್ತಿದ್ದದ್ದು ಮುಂದಿನ ವಾರ.